ರೈಲು ಬರೋಕೆ ಇನ್ನೂ ಐದು ನಿಮಿಷ ಇದೆ. ಕಡ್ಡಿ ಎಣಿಸಿ.

ಮುಂದಿನ ಚಕ್ರದಲ್ಲಿ 36, ಹಿಂದಿನದರಲ್ಲಿ 36. ಈ ಗೋಡೆಯ ಮೇಲಿರುವುದು ಅಂದಕ್ಕೆ ಬಿಡಿಸಿದ ಚಿತ್ರವಲ್ಲ. ನಾವು ಮಾರುವ ಸೈಕಲ್ಲನ್ನೇ ಅಳತೆ ತಪ್ಪದಂತೆ ಅಚ್ಚು ಹಾಕಿಸಿದ್ದೇವೆ. ಚೈನು ಬಲಗಡೆಗಿದೆ, ಫೋರ್ಕು ಮುಂದಕ್ಕೆ ಬಾಗಿದೆ. (ಜಾಹೀರಾತಿನ ಸೈಕಲ್ಲುಗಳಲ್ಲಿ ಇವೆರಡೂ ಉಲ್ಟಾ ಇರುವುದುಂಟು. ನಮ್ಮ ಮೆಕ್ಯಾನಿಕ್‌ಗಳಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.)

ಒಂದು ಕಡ್ಡಿಯ ಮೇಲೆ ಹಬ್‌ನಿಂದ ರಿಮ್ಮಿನವರೆಗೆ ಬೆರಳಾಡಿಸಿ. ಅದು ನೆಟ್ಟಗೆ ಹೋಗುವುದಿಲ್ಲ. ಓರೆಯಾಗಿ ಹೊರಟು ಅದೇ ಬದಿಯ ಮೂರು ಕಡ್ಡಿಗಳನ್ನು ದಾಟುತ್ತದೆ. ನೀವು ಪೆಡಲು ತುಳಿದಾಗ ಚೈನು ತಿರುಗಿಸುವುದು ಹಬ್ಬನ್ನು; ಆ ಬಲವನ್ನು ರಿಮ್ಮಿಗೆ ಮುಟ್ಟಿಸುವುದು ಈ ಓರೆ. ಹಿಂದಿನ ಚಕ್ರದಲ್ಲಿ ಗೇರಿಗೆ ಜಾಗ ಬಿಡಬೇಕಾದ್ದರಿಂದ ಬಲಗಡೆಯ ಕಡ್ಡಿಗಳು ಎಡಗಡೆಯವಕ್ಕಿಂತ ಹೆಚ್ಚು ಬಿಗಿ. ಎರಡೂ ಕಡೆ ಒಂದೇ ಬಿಗಿ ಮಾಡಿದರೆ ರಿಮ್ಮು ಎಡಕ್ಕೆ ಸರಿದು ಕೂರುತ್ತದೆ. ಸಡಿಲವಾದ ಕಡ್ಡಿ ಚಕ್ರ ಸುತ್ತಿದಷ್ಟೂ ಸಲ ಅಲುಗಿ, ಕೊನೆಗೆ ಹಬ್ಬಿನ ತೂತಿನ ಹತ್ತಿರ, ಅದು ಬಾಗುವ ಜಾಗದಲ್ಲೇ, ತುಂಡಾಗುತ್ತದೆ. ಹೊಸ ಚಕ್ರದ ಕಡ್ಡಿಗಳು ಮೊದಲ 200 ಕಿಲೋಮೀಟರಿನಲ್ಲಿ ಕೂತುಕೊಳ್ಳುತ್ತವೆ. ಆಮೇಲೆ ತಂದರೆ ಬಿಗಿ ನೋಡಿ ಬೆಂಡ್ ತೆಗೆದುಕೊಡುತ್ತೇವೆ, ದುಡ್ಡಿಲ್ಲ.

ಈಗ ಫ್ರೇಮು. ಹ್ಯಾಂಡಲ್ ಕೂರುವ ಪೈಪು ನೆಲಕ್ಕೆ 71 ಡಿಗ್ರಿ, ಸೀಟಿನ ಪೈಪು 73. ಹ್ಯಾಂಡಲ್ ಪೈಪಿನ ಗೆರೆಯನ್ನು ನೆಲದವರೆಗೆ ಎಳೆದು ನೋಡಿ: ಟೈರು ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 67 ಮಿಲಿಮೀಟರು ಮುಂದೆ ಬೀಳುತ್ತದೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಚಿಕ್ಕ ಚಕ್ರ ತಾನೇ ನೇರವಾಗುವುದೂ ಇದೇ ಲೆಕ್ಕದಲ್ಲಿ. ಹಂಪ್ ದಾಟಿ ಹ್ಯಾಂಡಲ್ ಅಲುಗಿದರೂ ಚಕ್ರ ನೇರಕ್ಕೆ ಮರಳುತ್ತದೆ. ಎರಡೂ ಪೆಡಲು ಸುತ್ತುವ ನಡುವಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ 440 ಮಿಲಿಮೀಟರು ಇಟ್ಟಿದ್ದೇವೆ. ಹಿಂದೆ ಲ್ಯಾಪ್‌ಟಾಪ್ ಚೀಲ ಕಟ್ಟಿದರೆ ಹಿಮ್ಮಡಿ ತಾಗಬಾರದಲ್ಲ.

ಫ್ರೇಮು 17, 19, 21 ಇಂಚಿನಲ್ಲಿ ಸಿಗುತ್ತದೆ. ಮೇಲಿನ ಪೈಪಿನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಬೇಕು. ಸೀರೆ, ಪಂಚೆ ಉಡುವವರಿಗೆ ಮೇಲಿನ ಪೈಪು ತಗ್ಗಿಸಿದ ಫ್ರೇಮು ಬೇರೆ ಇದೆ, ಪೂರ್ತಿ ಚೈನ್ ಕವರ್ ಸಮೇತ. ದುಪಟ್ಟ ಮಾತ್ರ ಸೊಂಟಕ್ಕೆ ಕಟ್ಟಿಕೊಳ್ಳಿ. ಅದು ಹಿಂದಿನ ಕಡ್ಡಿಗೆ ಸಿಕ್ಕರೆ ಕವರ್ ಇದ್ದೂ ಪ್ರಯೋಜನವಿಲ್ಲ.

ಸೀಟಿನ ಎತ್ತರ ಸರಿಮಾಡುವುದು ಸುಲಭ. ಗೋಡೆ ಹಿಡಿದು ಕೂತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ತುಳಿಯುವಾಗ ಮುಂಗಾಲು ಇಟ್ಟರೆ ಮಂಡಿ ತುಸು ಬಾಗಿಯೇ ಇರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಬಹುಶಃ ತೀರಾ ತಗ್ಗಿದೆ. ಸೊಂಟ ಆಕಡೆ ಈಕಡೆ ವಾಲುತ್ತಿದ್ದರೆ ತೀರಾ ಎತ್ತರ. ಕೂತಲ್ಲೇ ಎರಡೂ ಪಾದ ಪೂರ್ತಿ ಊರಬೇಕೆಂದು ಸೀಟು ಇಳಿಸುವವರೇ ಹೆಚ್ಚು. ಸಿಗ್ನಲ್ಲಿನಲ್ಲಿ ಸೀಟು ಬಿಟ್ಟು ಮುಂದಿಳಿದು ನಿಲ್ಲಿ, ಸಾಕು.

ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ, ಮೊಣಕೈ ಸಡಿಲವಿರಲಿ, ಮಣಿಕಟ್ಟು ಮಡಚದಿರಲಿ, ಎರಡು ಬೆರಳು ಯಾವಾಗಲೂ ಬ್ರೇಕಿನ ಮೇಲಿರಲಿ. ಮೊಣಕೈ ಬಿಗಿಹಿಡಿದರೆ ಗುಂಡಿಯ ಹೊಡೆತ ನೇರ ಭುಜಕ್ಕೆ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ. ಎಡಕ್ಕೆ ತಿರುಗುವ ಬಸ್ಸಿನ ಎಡಸಂದಿಗೆ ನುಗ್ಗಲೇಬೇಡಿ.

ಹೆಲ್ಮೆಟ್ಟನ್ನು ಚಿತ್ರದಲ್ಲಿ ಇನ್ನೊಮ್ಮೆ ನೋಡಿ: ಹುಬ್ಬಿನಿಂದ ಎರಡೇ ಬೆರಳು ಮೇಲೆ. ಹಿಂದಕ್ಕೆ ಸರಿಸಿ ಟೋಪಿ ಥರ ಹಾಕಿದರೆ ಹಣೆ ಬಯಲಾಗುತ್ತದೆ. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಪಟ್ಟಿಯ ಒಳಗೆ ಒಂದು ಬೆರಳು ತೂರಬೇಕು. ಬಾಯಿ ಅಗಲ ತೆರೆಯಿರಿ: ಹೆಲ್ಮೆಟ್ ತಲೆಯನ್ನು ಒತ್ತಿದರೆ ಬಿಗಿ ಸರಿಯಿದೆ. ಜಡೆ, ತುರುಬು ಕುತ್ತಿಗೆಯ ಹತ್ತಿರ ತಗ್ಗಿಗೆ ಇರಲಿ. ಒಳಗಿನ ಚೀಟಿಯಲ್ಲಿ EN 1078 ಅಥವಾ CPSC ಅನ್ನುವ ಸುರಕ್ಷತೆಯ ಗುರುತು ಇದೆಯೇ ನೋಡಿ ಕೊಳ್ಳಿ, ನಮ್ಮಲ್ಲಾದರೂ ಸರಿ, ಬೇರೆ ಅಂಗಡಿಯಲ್ಲಾದರೂ ಸರಿ. ಒಳಗಿನ ಥರ್ಮಾಕೋಲು ಹೊಡೆತವನ್ನು ತಾನು ಅಮುಕಿಕೊಂಡು ತಡೆಯುತ್ತದೆ, ಅದೂ ಒಂದೇ ಸಲ. ಬಿದ್ದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಬದಲಾಯಿಸಿ.

7 ಗೇರಿನ ಸೈಕಲ್, ಮಡ್‌ಗಾರ್ಡ್, ಕ್ಯಾರಿಯರ್, ಹಿಂದುಮುಂದಿನ ಲೈಟು, ಗಂಟೆ ಸೇರಿ ₹18,500. ಹೆಲ್ಮೆಟ್ ₹1,900, ಸೈಕಲ್ ಜೊತೆ ಕೊಂಡರೆ ₹1,200. ತಲೆಯ ಸುತ್ತಳತೆ 54–58, 58–61 ಸೆಂಟಿಮೀಟರಿನ ಎರಡು ಸೈಜು.

ಜನವರಿಯ ಪ್ರತಿ ಭಾನುವಾರ, ಬೆಳಿಗ್ಗೆ 7ರಿಂದ 11, ಜಯನಗರ ಮೆಟ್ರೊ ನಿಲ್ದಾಣದ ಹೊರಗೆ ನಮ್ಮ ಟೆಂಟು. ಸೀಟು, ಹ್ಯಾಂಡಲ್, ಹೆಲ್ಮೆಟ್ ಅಳತೆ ಉಚಿತ. ನಿಮ್ಮ ಹಳೇ ಸೈಕಲ್ಲನ್ನೂ ತನ್ನಿ. ಆಫೀಸಿಗೆ ಹಾಕಿಕೊಳ್ಳುವ ಚಪ್ಪಲಿ, ಶೂ ಅದನ್ನೇ ಹಾಕಿಕೊಂಡು ಬನ್ನಿ. ಅಟ್ಟೆ ದಪ್ಪವಿದ್ದಷ್ಟು ಸೀಟು ಏರಿಸಬೇಕಾಗುತ್ತದೆ.