ಟೈಮ್‌ಟೇಬಲ್, ಏಳನೇ ಆವೃತ್ತಿ

ಹತ್ತನೇ ತರಗತಿಗೆ ಬಂದಮೇಲೆ ನಾನು ಓದಿನ ಟೈಮ್‌ಟೇಬಲ್ ಏಳು ಸಲ ಬರೆದಿದ್ದೇನೆ. ಮೊದಲನೆಯದಕ್ಕೇ ಮೂರು ಗಂಟೆ ಹಿಡಿಯಿತು. ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ನೀಲಿ, ಸಮಾಜಕ್ಕೆ ಹಸಿರು ಸ್ಕೆಚ್ ಪೆನ್ನು. ಅರ್ಧಕ್ಕೆ ಕೆಂಪು ಪೆನ್ನು ಒಣಗಿತು, ಗಣಿತ ಗುಲಾಬಿಯಾಯಿತು. ಅದನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ, ಇವತ್ತಿಗೆ ಇಷ್ಟು ಓದಿದ್ದು ಸಾಕು ಅಂತ ಮಲಗಿಬಿಟ್ಟೆ.

ಅದರ ಮೊದಲನೇ ಸಾಲು 'ಬೆಳಿಗ್ಗೆ 4.00: ಏಳುವುದು'. ಅಲಾರಂ ಪ್ರಾಮಾಣಿಕವಾಗಿ ನಾಲ್ಕಕ್ಕೆ ಹೊಡೆಯಿತು. ಎದ್ದವರು ಅಜ್ಜಿ. ಮರುದಿನವೂ ಅಜ್ಜಿ. ಮೂರನೇ ದಿನ ಅವರು ನನ್ನ ಮಂಚದ ಪಕ್ಕ ಬಂದು ನಿಂತರು. "ಏನಪ್ಪಾ, ಪರೀಕ್ಷೆ ನಿನಗೋ ನನಗೋ? ಅಲಾರಂ ಇಡೋನು ನೀನು, ಏಳೋಳು ನಾನು." ನಾನು ಎಚ್ಚರವಾಗಿಯೇ ಇದ್ದೆ. ಆದರೆ ಅಂಥ ಹೊತ್ತಿನಲ್ಲಿ ಕಣ್ಣು ಬಿಡುವುದು ಜಾಣತನವಲ್ಲ.

ಮನೆಯವರು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬಲು ಒಳ್ಳೆಯವರಾಗಿಬಿಟ್ಟರು. ಅಮ್ಮ ಬಾಗಿಲನ್ನು ಸದ್ದಾಗದಂತೆ ಹಾಕುವುದನ್ನು ಕಲಿತರು. ತಂಗಿಗೆ ಮನೆಯೊಳಗೆ ಹಾಡುವುದು ಬಂದ್ ಆಯಿತು. ಅಪ್ಪ ಟಿವಿಯ ಸದ್ದು ಪೂರ್ತಿ ತೆಗೆದು ಹಾಸ್ಯ ಕಾರ್ಯಕ್ರಮ ನೋಡತೊಡಗಿದರು. ಬಾಗಿಲ ಸಂದಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಒಂದು ಚೂರೂ ಸದ್ದಿಲ್ಲದೆ, ಭುಜ ಮಾತ್ರ ಕುಣಿಯುವ ಹಾಗೆ ನಗುತ್ತಿದ್ದರು. ಇಷ್ಟು ಜನರ ಮೌನದ ಸಾಲ ಹೊತ್ತುಕೊಂಡು ಓದೋದು ಹೇಗೆ ನೀವೇ ಹೇಳಿ. ಫೋನ್ ಮಾಡುವ ನೆಂಟರದಂತೂ ಒಂದೇ ಪ್ರಶ್ನೆ: "ಓದ್ತಾ ಇದ್ದೀಯಾ?" ಫೋನಿನಲ್ಲಿ ಮಾತಾಡ್ತಾ ಇದ್ದೀನಿ ಅಂತ ಹೇಳೋ ಧೈರ್ಯ ನನಗಿರಲಿಲ್ಲ.

ಮೊದಲ ಪೂರ್ವಸಿದ್ಧತಾ ಪರೀಕ್ಷೆ ಬಂತು. ಗಣಿತ. ಹೆಸರು ಬರೆದೆ. ನೋಂದಣಿ ಸಂಖ್ಯೆ ಬರೆದು ನಾಲ್ಕು ಸಲ ತಾಳೆ ನೋಡಿದೆ. ಅದಾದಮೇಲೆ ಪ್ರಶ್ನೆ ಓದದೆ ಬೇರೆ ದಾರಿ ಇರಲಿಲ್ಲ.

x² − 5x + 6 = 0, ಮೂಲಗಳನ್ನು ಕಂಡುಹಿಡಿಯಿರಿ.

ಇದು ನಿದ್ದೆಗಣ್ಣಲ್ಲೂ ಮಾಡುವ ಲೆಕ್ಕ. ಆದರೆ ನನಗೆ ಆಗ ನಿದ್ದೆ ಇರಲಿಲ್ಲ, ಅದೇ ತೊಂದರೆ. ತಲೆಯೊಳಗೆ ಯಾರೋ ಬೋರ್ಡು ಒರೆಸಿಹೋದ ಹಾಗಿತ್ತು. ಟೈಮ್‌ಟೇಬಲ್ಲಿನ ಗುಲಾಬಿ ಬಣ್ಣ ನೆನಪಾಯಿತು, ಪುಸ್ತಕದ ಆ ಪುಟದ ಮೂಲೆ ಮಡಚಿದ್ದು ನೆನಪಾಯಿತು, ಲೆಕ್ಕ ಮಾತ್ರ ಇಲ್ಲ. ಬಾಯಿ ಒಣಗಿತು, ಅಂಗೈ ಒದ್ದೆಯಾಯಿತು, ಎದೆಬಡಿತ ಪಕ್ಕದ ಬೆಂಚಿನವನಿಗೂ ಕೇಳುತ್ತಿರಬಹುದು ಅನ್ನಿಸಿತು.

ಇದು ಏನೆಂದು ನನಗೆ ಗೊತ್ತಿತ್ತು, ತಮಾಷೆ ಇರುವುದೇ ಇಲ್ಲಿ. ವಿಜ್ಞಾನದ ಪಾಠದಲ್ಲಿದೆ. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆಬಡಿತ ಏರುತ್ತದೆ, ದೇಹ ಹೋರಾಡಲು ಇಲ್ಲವೇ ಓಡಲು ಸಿದ್ಧವಾಗುತ್ತದೆ. ಹೋರಾಡೋಣವೆಂದರೆ ಎದುರಿಗಿರುವುದು ಒಂದು ಕಾಗದ. ಓಡೋಣವೆಂದರೆ ಬಾಗಿಲಲ್ಲಿ ಮೇಲ್ವಿಚಾರಕರು. ಗ್ರಂಥಿಗೆ ಇದನ್ನೆಲ್ಲ ತಿಳಿಸಿ ಹೇಳುವವರು ಯಾರು? ಅಂದು ವಿಜ್ಞಾನದ ಪರೀಕ್ಷೆ ಇದ್ದಿದ್ದರೆ ನಾನು ಚಿತ್ರ ಸಮೇತ ಬರೆದುಬರುತ್ತಿದ್ದೆ.

ಪರೀಕ್ಷೆ ಮುಗಿದಮೇಲೆ ನಲ್ಲಿಯ ಹತ್ತಿರ ನಮ್ಮ ಕ್ಲಾಸಿನ ಮೊದಲ ಸ್ಥಾನದವಳು ಬಾಟಲಿಗೆ ನೀರು ಹಿಡಿಯುತ್ತಿದ್ದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ನೀರು ಅವಳ ಶೂ ಮೇಲೆ ಬೀಳುತ್ತಿತ್ತು. "ನಿನಗೇನು ಭಯ ಮಾರಾಯ್ತಿ?" ಅಂದೆ. "ನಿನಗೆ ಎರಡು ಮಾರ್ಕ್ಸ್ ಜಾಸ್ತಿ ಬಂದ್ರೆ ಮನೇಲಿ ಖುಷಿ ಪಡ್ತಾರೆ. ನನಗೆ ಎರಡು ಕಡಿಮೆ ಬಂದ್ರೆ ಏನಾಯ್ತು ನಿಂಗೆ ಅಂತಾರೆ. ನೀನೇ ಪುಣ್ಯವಂತ," ಅಂದಳು. ಗಣಿತದ ವಿಷಯದಲ್ಲಿ ನನ್ನನ್ನು ಯಾರಾದರೂ ಪುಣ್ಯವಂತ ಅಂದದ್ದು ಅದೇ ಮೊದಲು. ಏನು ಹೇಳಬೇಕೋ ತಿಳಿಯದೆ ಅವಳ ಬಾಟಲಿ ಹಿಡಿದುಕೊಂಡು ನಿಂತೆ.

ಎಂಬತ್ತಕ್ಕೆ 31 ಬಂತು. ಉತ್ತರ ಪತ್ರಿಕೆಯನ್ನು ಅಟ್ಲಾಸಿನೊಳಗೆ ಬಚ್ಚಿಟ್ಟೆ, ನಮ್ಮ ಮನೆಯಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ಅಂದೇ ಸಂಜೆ ತಂಗಿಗೆ ಭೂಪಟದ ಹೋಂವರ್ಕ್. ಎಲ್ಲರೂ ಕೂತಿದ್ದಾಗ ನಡುಮನೆಯಿಂದ ಕೂಗಿದಳು: "ಅಣ್ಣಾ, ಆಫ್ರಿಕಾದ ಹತ್ರ ನಿನ್ನ ಹೆಸರಿದೆ, ಪಕ್ಕದಲ್ಲಿ ಮೂವತ್ತೊಂದು ಅಂತಿದೆ!"

ಅಪ್ಪ ಹಾಳೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ನಾನು ಮನಸ್ಸಿನಲ್ಲೇ ಮೂರು ಬಗೆಯ ಕ್ಷಮಾಪಣೆ ತಯಾರು ಮಾಡಿಕೊಂಡೆ.

"ಮೊದಲನೇದೇ ಬಿಟ್ಟಿದ್ದೀಯಲ್ಲೋ?"

"ಬರ್ತಿತ್ತಪ್ಪಾ. ಬರಲಿಲ್ಲ."

ಅವರು ಪೆನ್ಸಿಲ್ ತಗೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ತಾವೇ ಶುರುಮಾಡಿದರು. ಹುಬ್ಬು ಗಂಟಿಕ್ಕಿ, ನಾಲಿಗೆ ತುಸು ಹೊರಗೆ ಹಾಕಿ, ಥೇಟ್ ನನ್ನ ಹಾಗೆಯೇ. (x − 6)(x + 1) ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. "ಇಷ್ಟೇ ತಾನೆ?"

"ಅಪ್ಪಾ, ತಪ್ಪು."

"ಆರರಲ್ಲಿ ಒಂದು ಕಳೆದ್ರೆ ಐದು ಅಲ್ವೇನೋ?"

"ಕೂಡಿದ್ರೆ ಮೈನಸ್ ಐದು ಸರಿ. ಗುಣಿಸಿದ್ರೆ ಮೈನಸ್ ಆರು ಬರುತ್ತೆ, ನಮಗೆ ಬೇಕಾಗಿರೋದು ಪ್ಲಸ್ ಆರು. ಮೈನಸ್ ಎರಡು, ಮೈನಸ್ ಮೂರು ತಗೋಬೇಕು. ಕೂಡಿದ್ರೆ ಮೈನಸ್ ಐದು, ಗುಣಿಸಿದ್ರೆ ಪ್ಲಸ್ ಆರು. ಅಂದ್ರೆ x ಎರಡು, ಇಲ್ಲ ಮೂರು."

ಹೇಳಿ ಮುಗಿಸಿದಮೇಲೆ ನಾನೇ ಬೆಚ್ಚಿದೆ. ಲೆಕ್ಕ ಎಲ್ಲಿಗೂ ಹೋಗಿರಲಿಲ್ಲ. ಅಪ್ಪ ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಬೈಗುಳ ಬರಬೇಕಾದ ಜಾಗದಲ್ಲಿ ಬಂದದ್ದು ಇಷ್ಟು: "ಇನ್ನೊಂದು ಸಲ ಹೇಳು. ಆ ಮೈನಸ್ಸು ನನಗೆ ತಿಳೀಲಿಲ್ಲ."

ಅವತ್ತಿನಿಂದ ದಿನಾ ರಾತ್ರಿ ಅರ್ಧ ಗಂಟೆ ನಾನು ಮೇಷ್ಟ್ರು. ವಿದ್ಯಾರ್ಥಿ ಮೊಂಡ. ಕೊಟ್ಟ ಹೋಂವರ್ಕ್ ಮಾಡುವುದಿಲ್ಲ, ಕೇಳಿದರೆ ಆಫೀಸಿನ ನೆಪ ಹೇಳುತ್ತಾನೆ. ಆದರೆ "ಯಾಕೆ?" ಎಂದು ಎಷ್ಟು ಸಲ ಕೇಳುತ್ತಾನೆಂದರೆ, ನಾನು ಬಾಯಿಪಾಠ ಮಾಡಿ ದಾಟಿಬಂದಿದ್ದ ಜಾಗಗಳೆಲ್ಲ ಒಂದೊಂದಾಗಿ ಸಿಕ್ಕಿಬಿದ್ದವು. ಪಾಠ ಮುಗಿದಮೇಲೆ ಟಿವಿ, ಸದ್ದಿನ ಸಮೇತ. ಇದು ನಾನೇ ಹಾಕಿದ ನಿಯಮ. ಅಪ್ಪನ ನಗೆ ಇಷ್ಟು ಜೋರು ಅನ್ನುವುದೇ ಮರೆತುಹೋಗಿತ್ತು.

ಎರಡನೇ ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಬಾಯಿ ಒಣಗಿತು, ಅಂಗೈ ಒದ್ದೆಯಾಯಿತು. ಬಂತಲ್ಲಪ್ಪಾ ನಮ್ಮ ಟೋಪಿ ಗ್ರಂಥಿ, ಅಂದುಕೊಂಡು ಎರಡು ನಿಮಿಷ ಸುಮ್ಮನೆ ಕೂತೆ. ಆಮೇಲೆ ಮೂರನೇ ಪ್ರಶ್ನೆಯಿಂದ ಶುರುಮಾಡಿದೆ. 47 ಬಂತು. ಎಂಬತ್ತಕ್ಕೆ 47 ಅಂದರೆ ಪಟಾಕಿ ಹೊಡೆಯುವಂಥದ್ದಲ್ಲ, ಗೊತ್ತು. ಆದರೂ ಈ ಸಲದ ಹಾಳೆ ಅಟ್ಲಾಸಿಗೆ ಹೋಗಲಿಲ್ಲ. ಮೊದಲ ಸ್ಥಾನದವಳಿಗೆ ಎಂದಿಗಿಂತ ಮೂರು ಕಡಿಮೆ ಬಂತಂತೆ. ನಲ್ಲಿಯ ಹತ್ತಿರ ಸಿಕ್ಕಾಗ ಅವಳೇ ಹೇಳಿದಳು: "ಮನೇಲಿ ಏನಾಯ್ತು ಅಂತ ಕೇಳಿದ್ರು. ಹೆದರಿಕೆ ಆಯ್ತು ಅಂದುಬಿಟ್ಟೆ." ಅವತ್ತು ಅವಳ ಶೂ ಒಣಗಿಯೇ ಇತ್ತು.

ಏಳನೇ ಆವೃತ್ತಿಯ ಟೈಮ್‌ಟೇಬಲ್ ಪೆನ್ಸಿಲಿನಲ್ಲಿದೆ, ಐದೇ ಸಾಲು. ಏಳುವ ಹೊತ್ತು 5.30. ಈಗ ಅಲಾರಂ ಹೊಡೆಯುವ ಮೊದಲೇ ಎದ್ದು ಕೂರುತ್ತೇನೆ ಅಂತ ಬರೆಯುವ ಆಸೆ ಇತ್ತು. ಆದರೆ ಈ ಪತ್ರಿಕೆಯನ್ನು ಅಜ್ಜಿಯೂ ಓದುತ್ತಾರೆ.

ಮುಖ್ಯ ಪರೀಕ್ಷೆಗೆ ಇನ್ನು ಮೂರು ವಾರ. ನಾನು ತ್ರಿಕೋನಮಿತಿಗೆ ಬಂದಿದ್ದೇನೆ. ಅಪ್ಪ ಇನ್ನೂ ವರ್ಗ ಸಮೀಕರಣದಲ್ಲೇ ಇದ್ದಾರೆ, ಮೈನಸ್ಸಿನ ತೊಂದರೆ ಹೋಗಿಲ್ಲ. ಅವರಿಗೂ ಒಂದು ಟೈಮ್‌ಟೇಬಲ್ ಹಾಕಿಕೊಡಬೇಕು. ಗುಲಾಬಿ ಪೆನ್ನಿನಲ್ಲಿ ಇನ್ನೂ ಸ್ವಲ್ಪ ಬಣ್ಣ ಉಳಿದಿದೆ.