ಜೂನ್ 1ರ ನಮ್ಮ ಪುಟ್ಟನಿಗೆ

ಪುಟ್ಟಾ, ಹುಟ್ಟುಹಬ್ಬದ ತುಂಬಾ ತುಂಬಾ ಶುಭಾಶಯ!

ಇವತ್ತು ಜೂನ್ 1. ಕೇರಳದಲ್ಲಿ ಶಾಲೆ ಬಾಗಿಲು ತೆಗೆಯುವ ದಿನ. ಬೇರೆ ಮಕ್ಕಳು ಅಳುವ ಈ ದಿನ ನೀನು ಮಾತ್ರ ಎದೆ ಉಬ್ಬಿಸಿಕೊಂಡು ಹೊರಡುತ್ತಿದ್ದೆ. ನೀನು ಒಂದನೇ ಕ್ಲಾಸಿಗೆ ಸೇರಿದ ಬೆಳಿಗ್ಗೆ ಪ್ರವೇಶೋತ್ಸವ. ಗೇಟಿಗೆ ಮಾವಿನೆಲೆ ತೋರಣ, ಬಣ್ಣದ ಬಲೂನು, ಬಾಯಿಗೆ ಮಿಠಾಯಿ. ಇಡೀ ಶಾಲೆ ನಿನ್ನ ಹುಟ್ಟುಹಬ್ಬ ಮಾಡುತ್ತಿದೆ ಅಂತಲೇ ನಂಬಿದೆ ನೀನು. ಟೀಚರ ಹತ್ತಿರ ಹೋಗಿ, "ಇಷ್ಟೆಲ್ಲ ಯಾಕೆ ಟೀಚರ್, ಒಂದು ಬಲೂನು ಸಾಕಿತ್ತು" ಅಂದೆಯಲ್ಲ, ಅದನ್ನು ಅವರು ಅಮ್ಮನ ಹತ್ತಿರ ಎಷ್ಟು ಸಲ ಹೇಳಿ ನಕ್ಕಿದ್ದಾರೋ! ಮರುವರ್ಷ ಬಲೂನೆಲ್ಲ ಹೊಸ ಮಕ್ಕಳಿಗೆ ಹೋದಾಗ ನಿನ್ನ ಮುಖ ನೋಡಬೇಕಿತ್ತು. "ನನ್ನ ಹುಟ್ಟುಹಬ್ಬವನ್ನು ಅವರಿಗೆ ಯಾಕೆ ಕೊಟ್ಟರು?" ಅಂತ ದಾರಿಯುದ್ದಕ್ಕೂ ಜಗಳ. ಇವತ್ತು ನಿನ್ನ ಸೊಸೆ ಒಂದನೇ ಕ್ಲಾಸಿಗೆ ಸೇರಿದಳು. "ಇದು ಮಾವನ ಬಲೂನು" ಅಂತ ಒಂದನ್ನು ಒಡೆಯದ ಹಾಗೆ ಜೋಪಾನವಾಗಿ ಮನೆಗೆ ತಂದಿದ್ದಾಳೆ.

ಅಜ್ಜ ನೀರಿಗಾಗಿ ತೋಡಿಸಿದ ಸುರಂಗ ನೆನಪಿದೆಯಾ? ಗುಡ್ಡದ ಬುಡದಲ್ಲಿ ಬಗ್ಗಿಕೊಂಡು ಒಳಗೆ ಹೋದರೆ ತಣ್ಣಗೆ, ಕತ್ತಲೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ನೀನು ಬಾಯಲ್ಲೇ ನಿಂತು "ಯಾರು?" ಅಂತ ಕೂಗುತ್ತಿದ್ದೆ. ಒಳಗಿನಿಂದಲೂ "ಯಾರು?" "ನೀನು ಮೊದಲು ಹೇಳು!" ಅಂದರೆ ಅವನೂ "ಹೇಳು!" ಅನ್ನುತ್ತಿದ್ದ. ಕೊನೆಗೆ ಸಿಟ್ಟು ಬಂದು, "ಇದು ನಮ್ಮ ಅಜ್ಜನ ಸುರಂಗ, ಬಾಡಿಗೆ ಕೊಡು" ಅಂತ ಕಿರುಚಿದೆ. ತೋಟಕ್ಕೆ ನೀರು ಬಿಡುತ್ತಿದ್ದ ಅಪ್ಪ ನಕ್ಕೂ ನಕ್ಕೂ ಕಣಿಯ ಬದಿಯಲ್ಲೇ ಕುಳಿತುಬಿಟ್ಟರು.

ಇನ್ನು ನಿನ್ನ ಮಹಿಷಾಸುರ! ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಮರುದಿನ ಅಡಿಕೆ ಹಾಳೆಯ ಕಿರೀಟ, ಮಸಿಯ ಮೀಸೆ, ಸೊಂಟಕ್ಕೆ ಅಮ್ಮನ ಸೀರೆ. ಹಟ್ಟಿಯ ಹಿಂದಿನಿಂದ ಆರ್ಭಟ ಕೊಡುತ್ತಾ ನೀನು ಅಂಗಳಕ್ಕೆ ಹಾರಿದ್ದು ನೇರ ಅಜ್ಜಿ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಚಾಪೆಯ ಮೇಲೆ. ಹಸಿ ಹಪ್ಪಳದಲ್ಲಿ ನಿನ್ನ ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಅಜ್ಜಿ ಬೈಯಲೇ ಇಲ್ಲ. ಮಳೆಗಾಲದಲ್ಲಿ ಅದೇ ಹಪ್ಪಳ ಕಾಯಿಸಿ, "ತಗೋ, ಇದು ಮಹಿಷಾಸುರನ ಪಾಲು" ಅಂತ ನಿನ್ನ ತಟ್ಟೆಗೇ ಹಾಕಿದರು. ನೀನು ಅದನ್ನು ಹೆಬ್ಬೆರಳಿನ ಕಡೆಯಿಂದ ತಿನ್ನಲು ಶುರು ಮಾಡಿದೆ!

ಹಾಗಲಕಾಯಿ ಕಂಡರೆ ತಟ್ಟೆ ಬಿಟ್ಟು ಓಡುತ್ತಿದ್ದವನು ನೀನು. "ಅನಂತಪುರ ದೇವಸ್ಥಾನದ ಬಬಿಯಾ ಮೊಸಳೆಯಾದರೂ ನೈವೇದ್ಯದ ಅನ್ನ ತಿನ್ನುತ್ತದೆ, ನಿನಗೇನು ಕಷ್ಟ?" ಅಂತ ಅಮ್ಮ ಕೇಳಿದರೆ, "ಅದಕ್ಕೆ ಹಾಗಲಕಾಯಿ ಹಾಕಿ ನೋಡಿ, ಆಮೇಲೆ ಹೇಳಿ" ಅಂತಿದ್ದೆ. 2022ರ ಅಕ್ಟೋಬರ್‌ನಲ್ಲಿ ಬಬಿಯಾ ಹೋಯಿತು ಅಂತ ಗೊತ್ತಾದಾಗ ಮೊದಲು ಫೋನ್ ಮಾಡಿದ್ದೂ ನೀನೇ. ಅಷ್ಟು ದೊಡ್ಡವನಾಗಿದ್ದರೂ ಸ್ವರ ಕಟ್ಟಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಾಗುವುದು ಮಾತ್ರ ಆ ಮಳೆಗಾಲದ ಸಂಜೆಗಳು. ನಾನು ಮಂಗಳೂರಿನ ಕಾಲೇಜಿನಿಂದ ಬರುವಾಗ ಕತ್ತಲಾಗುತ್ತಿತ್ತು. ಬಸ್ಸಿಳಿದರೆ ಅಂಗಡಿ ಜಗಲಿಯಲ್ಲಿ ನೀನು ರಬ್ಬರ್ ಬ್ಯಾಂಡ್ ಸುತ್ತಿದ ಟಾರ್ಚ್ ಹಿಡಿದು ಕಾಯುತ್ತಿದ್ದೆ. ಇದ್ದದ್ದು ಒಂದೇ ಕೊಡೆ. ಅದನ್ನು ನನ್ನ ಪುಸ್ತಕದ ಬ್ಯಾಗಿನ ಕಡೆಗೆ ವಾಲಿಸಿ ಹಿಡಿಯುತ್ತಿದ್ದೆ. ಮನೆ ಮುಟ್ಟುವಾಗ ನಿನ್ನ ಬಲ ಭುಜ ಪೂರ್ತಿ ಒದ್ದೆ. ಗುಳಿಗನ ಕಟ್ಟೆ ಹತ್ತಿರ ಬಂದಾಗ ನಿನಗೇ ಪುಕುಪುಕು. ಆದರೂ "ಅಕ್ಕಾ, ಹೆದರಬೇಡ, ನಾನಿದ್ದೇನೆ" ಅಂತ ಮಹಿಷಾಸುರನ ಆರ್ಭಟ ಕೊಡುತ್ತಿದ್ದೆ. ಆಗ ನಿನಗೆ ನನ್ನ ಭುಜದಷ್ಟೂ ಎತ್ತರ ಇರಲಿಲ್ಲ ಮಾರಾಯ. ನಿನ್ನಂಥ ತಮ್ಮ ಸಿಕ್ಕಿದ್ದು ನನ್ನ ಪುಣ್ಯ. ಇದನ್ನು ಎದುರಿಗೆ ಹೇಳಿದರೆ ನೀನು ಮಾತು ತಪ್ಪಿಸುತ್ತೀಯಾ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಕೊಚ್ಚಿಯ ಮಳೆಯಲ್ಲಿ ಸುಮ್ನೆ ನೆನೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆರೋಗ್ಯ ಚೆನ್ನಾಗಿರಲಿ, ಮನಸ್ಸಿನಲ್ಲಿ ಇಟ್ಟುಕೊಂಡದ್ದೆಲ್ಲ ಕೈಗೂಡಲಿ. ಮಧೂರು ಗಣಪತಿಗೆ ನಿನ್ನ ಹೆಸರಲ್ಲಿ ಅಪ್ಪದ ಸೇವೆ ಮಾಡಿಸಿದ್ದೇವೆ, ಪ್ರಸಾದ ಡಬ್ಬಿಯಲ್ಲಿದೆ. ಅಮ್ಮ ಹಲಸಿನ ಹಣ್ಣಿನ ಕೊಟ್ಟಿಗೆ ಮಾಡಲು ಬಾಳೆಲೆ ಬಾಡಿಸುವ ಲೆಕ್ಕದಲ್ಲಿದ್ದಾರೆ. ಶುಕ್ರವಾರ ರಾತ್ರಿಯ ಮಾವೇಲಿ ರೈಲು ಹತ್ತು. ಕಾಸರಗೋಡು ಸ್ಟೇಷನ್ನಿಗೆ ಭಾವ ಕಾರು ತರುತ್ತಾರೆ. ಸೊಸೆಯೂ ಬರುತ್ತಾಳಂತೆ. ಹಾಗಲಕಾಯಿ ಮಾಡುವುದಿಲ್ಲ, ಅಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ.

ಪ್ರೀತಿಯಿಂದ,
ನಿನ್ನ ಅಕ್ಕ