ಡೈರಿ ಆ್ಯಪ್‌ನ ಪರದೆಗಳು: ಮೇಲಿಂದ ಕೆಳಗೆ ಏನೇನಿದೆ

ನಮ್ಮೂರ ಹಾಲಿನ ಸಂಘದ ಆ್ಯಪ್‌ನ ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಣ್ಣು ಕಾಣದೆ ಟಾಕ್‌ಬ್ಯಾಕ್‌ನಲ್ಲಿ ಕೇಳಿಸಿಕೊಂಡು ಫೋನ್ ಬಳಸುವ ಸದಸ್ಯರಿಗೆ, ಮತ್ತೆ ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಲ್ಲೇ "ಈಗ ಅದನ್ನ ಒತ್ತಿ" ಅಂತ ಹೇಳಿಕೊಡುವ ಮಕ್ಕಳಿಗೆ. ಮೇಲಿಂದ ಕೆಳಗೆ, ಒಂದೇ ಸಾಲಿನಲ್ಲಿದ್ದರೆ ಎಡದಿಂದ ಬಲಕ್ಕೆ, ಪರದೆಯಲ್ಲಿ ಇದ್ದ ಹಾಗೇ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಇದ್ದದ್ದು ಇಂಗ್ಲಿಷಿನಲ್ಲೇ ಇದೆ. ಹೆಸರಿಲ್ಲದ ಬಟನ್ ಬಂದಲ್ಲಿ ಒತ್ತಿದರೆ ಏನಾಗುತ್ತದೆ ಅಂತ ಹೇಳಿದ್ದೇನೆ, ಯಾಕೆಂದರೆ ಅಲ್ಲಿ ಟಾಕ್‌ಬ್ಯಾಕ್ ಏನು ಕೆಲಸದ ಬಟನ್ ಅಂತ ಹೇಳೋದಿಲ್ಲ.

ಪರದೆ 1. ಭಾಷೆ

- ಚಿತ್ರ: ಹಸು ಮತ್ತು ಹಾಲಿನ ಕ್ಯಾನ್
- ಶೀರ್ಷಿಕೆ: ಭಾಷೆ ಆಯ್ಕೆ ಮಾಡಿ
- ಆಯ್ಕೆ: ಕನ್ನಡ
- ಆಯ್ಕೆ: English (ಮೊದಲೇ ಗುರುತು ಹಾಕಿರುವುದು ಇದಕ್ಕೆ)
- ಬಟನ್: Continue

ಕನ್ನಡ ಒತ್ತಿದ ಮೇಲೂ ಕೆಳಗಿನ ಬಟನ್ Continue ಅಂತಲೇ ಇರುತ್ತದೆ. ಒತ್ತಿದ್ದು ಸರಿಯಾಗಿಲ್ವೇನೋ ಅಂತ ಗಾಬರಿ ಬೇಡ, ಮುಂದೆ ಹೋಗಿ.

ಪರದೆ 2. ಒಳಗೆ ಹೋಗುವುದು

- ಬಾಣದ ಗುರುತು, ಎಡ ಮೂಲೆ: ಹಿಂದೆ
- ಶೀರ್ಷಿಕೆ: ಸದಸ್ಯರ ಲಾಗಿನ್
- ಬರೆಯುವ ಜಾಗ: ಮೊಬೈಲ್ ಸಂಖ್ಯೆ
- ಸಣ್ಣ ಅಕ್ಷರ: ಸಂಘದಲ್ಲಿ ಕೊಟ್ಟಿರುವ ಸಂಖ್ಯೆಯನ್ನೇ ಹಾಕಿ
- ಬರೆಯುವ ಜಾಗ: ಸದಸ್ಯರ ಕೋಡ್
- ಬಟನ್: OTP ಕಳುಹಿಸಿ
- ಆರು ಖಾಲಿ ಚೌಕಗಳು (OTP ಕಳುಹಿಸಿ ಒತ್ತಿದ ಮೇಲೆ ಮಾತ್ರ ಬರುತ್ತವೆ)
- ಓಡುವ ಅಂಕಿ: 00:30
- ಕೊಂಡಿ: ಮತ್ತೆ ಕಳುಹಿಸಿ (ಅಂಕಿ ಸೊನ್ನೆಗೆ ಬರುವ ತನಕ ಮಂಕಾಗಿರುತ್ತದೆ, ಒತ್ತಿದರೂ ಕೆಲಸ ಮಾಡೋದಿಲ್ಲ)
- ಬಟನ್: Verify

ಸದಸ್ಯರ ಕೋಡ್ ಅಂದರೆ ದಿನಾ ಹಾಲು ಹಾಕುವಾಗ ಡೈರಿಯಲ್ಲಿ ಹೇಳುವ ನಂಬರೇ. ಇನ್ನೊಂದು ಮಾತು, ಈ OTP ಯಾರು ಫೋನ್ ಮಾಡಿ ಕೇಳಿದರೂ ಹೇಳಬೇಡಿ, ಕಾರ್ಯದರ್ಶಿ ಹೆಸರು ಹೇಳಿಕೊಂಡು ಕೇಳಿದರೂ ಅಷ್ಟೇ.

ಪರದೆ 3. ಮಧ್ಯದಲ್ಲಿ ಬರುವ ಚಿಕ್ಕ ಪೆಟ್ಟಿಗೆ

- ಗಂಟೆಯ ಚಿತ್ರ
- ನಿಮಗೆ ಅಧಿಸೂಚನೆಗಳನ್ನು ಕಳುಹಿಸಲು ಅನುಮತಿಸುವುದೇ?
- ಬಟನ್: ಅನುಮತಿಸಿ
- ಬಟನ್: ಅನುಮತಿಸಬೇಡಿ

ಇದು ಆ್ಯಪ್‌ನದ್ದಲ್ಲ, ಫೋನಿನದ್ದು. ಅನುಮತಿಸಿ ಒತ್ತಿದರೆ ಹಾಲು ಹಾಕಿದ ಸ್ವಲ್ಪ ಹೊತ್ತಿಗೆ ಎಷ್ಟು ಲೀಟರ್, ಎಷ್ಟು ಫ್ಯಾಟ್ ಅಂತ ಸಂದೇಶ ಬರುತ್ತದೆ. ಡೈರಿಯ ಚೀಟಿ ಓದಲಾಗದವರಿಗೆ ಇದು ತುಂಬಾ ಅನುಕೂಲ.

ಪರದೆ 4. ಮುಖಪುಟ

- ಮೂರು ಗೆರೆ, ಎಡ ಮೂಲೆ: ಹೆಸರಿಲ್ಲ. ಒತ್ತಿದರೆ ಪಕ್ಕದ ಮೆನು ತೆರೆಯುತ್ತದೆ (ಪರದೆ 8)
- ನಮಸ್ಕಾರ, ಅದರ ಮುಂದೆ ಸದಸ್ಯರ ಹೆಸರು
- ಗಂಟೆ, ಬಲ ಮೂಲೆ: ಹೆಸರಿಲ್ಲ. ಹಳೆಯ ಸಂದೇಶಗಳು
- ಕಾರ್ಡ್: ಇಂದು, 12 ಆಗಸ್ಟ್
  - ಬೆಳಿಗ್ಗೆ 6.4 ಲೀ
  - ಸಂಜೆ 5.2 ಲೀ
  - ಒಟ್ಟು 11.6 ಲೀ
- ಚೌಕ: ಪಾಸ್‌ಬುಕ್
- ಚೌಕ: ಬಟವಾಡೆ
- ಚೌಕ: ನನ್ನ ಹಸುಗಳು
- ಚೌಕ: ಪಶು ಆಹಾರ
- ಪಟ್ಟಿ: ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ
- ಕೆಳಗಿನ ಸಾಲು: ಮುಖಪುಟ, ಲೆಕ್ಕ, ಸೂಚನೆ, ನಾನು
- ದುಂಡಗಿನ ಹಸಿರು ಬಟನ್, ಬಲ ಕೆಳಮೂಲೆ: ಹೆಸರಿಲ್ಲ. ಒತ್ತಿದರೆ ಸಂಘದ ಕಚೇರಿಗೆ ನೇರ ಫೋನ್ ಹೋಗುತ್ತದೆ, ಕೇಳೋದೂ ಇಲ್ಲ

ಈ ಹಸಿರು ಬಟನ್ ಬಗ್ಗೆ ಎಚ್ಚರ. ಕಣ್ಣಿಗೆ ಅದು ಕೆಳಗಿನ ಸಾಲಿನ ಮೇಲೆ ಕಾಣುತ್ತದೆ, ಆದರೆ ಟಾಕ್‌ಬ್ಯಾಕ್‌ನಲ್ಲಿ ಬಲಕ್ಕೆ ಸರಿಸುತ್ತಾ ಹೋದರೆ "ನಾನು" ಆದ ಮೇಲೆ, ಎಲ್ಲದಕ್ಕಿಂತ ಕೊನೆಗೆ ಸಿಗುತ್ತದೆ, ಬರೀ ಬಟನ್ ಅಂತ ಹೇಳುತ್ತದೆ, ಏನಿರಬಹುದು ನೋಡೋಣ ಅಂತ ಎರಡು ಸಲ ತಟ್ಟಿದರೆ ಬೆಳಗಿನ ಜಾವದಲ್ಲಿ ಕಾರ್ಯದರ್ಶಿಗಳಿಗೆ ಫೋನ್ ಹೋಗಿಬಿಡುತ್ತದೆ. "ಸಂಘಕ್ಕೆ ಕರೆ ಮಾಡಿ" ಅಂತ ಮೂರು ಪದ ಹಾಕಿದ್ದರೆ ಸಾಕಿತ್ತು ಅಲ್ವಾ? ಆ್ಯಪ್ ಮಾಡಿದವರಿಗೆ ಇದನ್ನೇ ಬರೆದು ಕಳಿಸುತ್ತಿದ್ದೇನೆ. 1962ರ ಪಟ್ಟಿ ಮಾತ್ರ ಚೆನ್ನಾಗಿದೆ. ಅದು ಪಶು ಆಂಬ್ಯುಲೆನ್ಸಿನ ಉಚಿತ ನಂಬರ್, ಟಾಕ್‌ಬ್ಯಾಕ್ ಪೂರ್ತಿ ಓದುತ್ತದೆ.

ಪರದೆ 5. ಪಾಸ್‌ಬುಕ್

- ಬಾಣ: ಹಿಂದೆ
- ಶೀರ್ಷಿಕೆ: ಪಾಸ್‌ಬುಕ್
- ಬಟನ್‌ಗಳು: ದಿನ, ವಾರ, ತಿಂಗಳು
- ಎಡ ಬಾಣ, ದಿನಾಂಕ 12 ಆಗಸ್ಟ್, ಬಲ ಬಾಣ
- ಕೋಷ್ಟಕದ ತಲೆ: ವೇಳೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ
- ಬೆಳಿಗ್ಗೆ, 6.4, 4.1, 8.6, ₹36.20, ₹231.68
- ಸಂಜೆ, 5.2, 4.3, 8.5, ₹36.50, ₹189.80
- ಒಟ್ಟು, 11.6, ₹421.48
- ಬಟನ್: PDF
- ಬಟನ್: ಹಂಚಿಕೊಳ್ಳಿ

ಟಾಕ್‌ಬ್ಯಾಕ್ ಈ ಕೋಷ್ಟಕವನ್ನು ಅಡ್ಡಸಾಲಾಗಿ ಓದುತ್ತದೆ, ಆದರೆ ತಲೆಬರಹವನ್ನು ಮತ್ತೆ ಹೇಳೋದಿಲ್ಲ. ಬರೀ "ನಾಲ್ಕು ಪಾಯಿಂಟ್ ಒಂದು, ಎಂಟು ಪಾಯಿಂಟ್ ಆರು" ಅಂತ ಕೇಳುತ್ತದೆ. ಹಾಗಾಗಿ ಈ ಕ್ರಮ ನೆನಪಿಟ್ಟುಕೊಳ್ಳಿ: ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ದರ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ದುಡ್ಡು ಕಡಿಮೆ ಬಂತು ಅನ್ನಿಸಿದರೆ ಮೊದಲು ಆ ಎರಡು ಅಂಕಿ ಕೇಳಿ.

ಪರದೆ 6. ಬಟವಾಡೆ

- ಬಾಣ: ಹಿಂದೆ
- ಶೀರ್ಷಿಕೆ: ಬಟವಾಡೆ
- ಅವಧಿ: 6 ಆಗಸ್ಟ್ – 12 ಆಗಸ್ಟ್
- ಒಟ್ಟು ಹಾಲು: 81.2 ಲೀ
- ಹಾಲಿನ ಮೊತ್ತ: ₹2,950.36
- ಕಡಿತ (ಪಕ್ಕದಲ್ಲಿ ಕೆಳಮುಖ ಬಾಣ, ಒತ್ತಿದರೆ ಬಿಚ್ಚುತ್ತದೆ)
  - ಪಶು ಆಹಾರ, 1 ಚೀಲ: ₹1,250.00
  - ಲವಣ ಮಿಶ್ರಣ, 1 ಕೆಜಿ: ₹90.00
- ಕೈಗೆ ಬರುವ ಮೊತ್ತ: ₹1,610.36
- ಸಣ್ಣ ಅಕ್ಷರ: ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ₹5 ಇದರಲ್ಲಿ ಸೇರಿಲ್ಲ
- ಬಟನ್: ಆಕ್ಷೇಪಣೆ ಸಲ್ಲಿಸಿ

ಕಡಿತದ ಬಾಣ ಒತ್ತದಿದ್ದರೆ ಒಳಗಿನ ಎರಡು ಸಾಲು ಕಾಣೋದೂ ಇಲ್ಲ, ಕೇಳೋದೂ ಇಲ್ಲ. ಸುಮ್ನೆ ಮೊತ್ತ ಮಾತ್ರ ಕೇಳಿದರೆ 1,340 ರೂಪಾಯಿ ಎಲ್ಲಿ ಹೋಯಿತು ಅಂತ ಗೊತ್ತಾಗದೆ ಜಗಳಕ್ಕೆ ನಿಲ್ಲುತ್ತೇವೆ. ಪ್ರೋತ್ಸಾಹಧನ ಬೇರೆಯಾಗಿ ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಅದನ್ನು ಇಲ್ಲಿ ಹುಡುಕಬೇಡಿ.

ಪರದೆ 7. ನನ್ನ ಹಸುಗಳು

- ಬಾಣ: ಹಿಂದೆ
- ಶೀರ್ಷಿಕೆ: ನನ್ನ ಹಸುಗಳು (2)
- ಕಾರ್ಡ್: ಗೌರಿ, ಎಚ್‌ಎಫ್ ಮಿಶ್ರತಳಿ
  - ಕಿವಿಯೋಲೆ ಸಂಖ್ಯೆ: ಕೊನೆಯ ನಾಲ್ಕು ಅಂಕಿ 4417
  - ಕೃತಕ ಗರ್ಭಧಾರಣೆ: 3 ಮೇ
  - ಗರ್ಭ ಪರೀಕ್ಷೆ: ಆಗಿದೆ, 5 ಆಗಸ್ಟ್
  - ಹಾಲು ಬತ್ತಿಸುವ ದಿನ: 9 ಡಿಸೆಂಬರ್
  - ಕರು ಹಾಕುವ ಅಂದಾಜು ದಿನ: 7 ಫೆಬ್ರವರಿ
  - ಬಟನ್: ತಿದ್ದು
- ಕಾರ್ಡ್: ತುಂಗೆ, ಜೆರ್ಸಿ ಮಿಶ್ರತಳಿ
  - ಕಾಲುಬಾಯಿ ರೋಗದ ಲಸಿಕೆ: ಬಾಕಿ (ಕೆಂಪು ಬಣ್ಣದಲ್ಲಿ)
  - ಬಟನ್: ತಿದ್ದು
- ಬಟನ್: + ಹಸು ಸೇರಿಸಿ

ಗರ್ಭ ಕಟ್ಟಿಸಿದ ದಿನದಿಂದ 280 ದಿನ ಲೆಕ್ಕ ಹಾಕಿ ಕರು ಹಾಕುವ ದಿನ ಹೇಳುತ್ತದೆ, ಅದಕ್ಕಿಂತ 60 ದಿನ ಮೊದಲು ಹಾಲು ಬತ್ತಿಸಿ ಅನ್ನುತ್ತದೆ. ಕೆಲವು ದಿನ ಹಿಂದೆ ಮುಂದೆ ಆಗೋದು ಸಹಜ. ಎರಡು ಕಾರ್ಡಿನಲ್ಲೂ "ತಿದ್ದು" ಅಂತಲೇ ಇರುವುದರಿಂದ ಮೊದಲು ಹಸುವಿನ ಹೆಸರು ಕೇಳಿಸಿಕೊಂಡು ಆಮೇಲೆ ಮುಂದಕ್ಕೆ ಸರಿಯಿರಿ. ಹಸು ಸೇರಿಸುವಾಗ ಕಿವಿಯೋಲೆಯ 12 ಅಂಕಿ ಪೂರ್ತಿ ಬೇಕು, ಯಾರಾದರೂ ಕಣ್ಣು ಕಾಣುವವರು ಕೊಟ್ಟಿಗೆಗೆ ಹೋಗಿ ಓದಿ ಹೇಳಬೇಕಾಗುತ್ತದೆ.

ಪರದೆ 8. ಪಕ್ಕದ ಮೆನು

- ಸದಸ್ಯರ ಫೋಟೋ ಮತ್ತು ಕೋಡ್
- ನನ್ನ ವಿವರ
- ಬ್ಯಾಂಕ್ ಖಾತೆ
- ಭಾಷೆ
- ಅಕ್ಷರ ಗಾತ್ರ
- ಸಹಾಯ
- Privacy Policy
- ಲಾಗ್ ಔಟ್

ಲಾಗ್ ಔಟ್ ಒತ್ತಿದರೆ ಬರುವ ಪೆಟ್ಟಿಗೆ:

- ನಿಜವಾಗಿಯೂ ಹೊರಹೋಗಬೇಕೆ?
- ಬಟನ್, ಎಡಕ್ಕೆ: ಹೌದು
- ಬಟನ್, ಬಲಕ್ಕೆ: ಇಲ್ಲ

ತಪ್ಪಿ ಇಲ್ಲಿಗೆ ಬಂದರೆ ಬಲಗಡೆಯ "ಇಲ್ಲ" ಒತ್ತಿ. ಹೌದು ಒತ್ತಿದರೆ ಮತ್ತೆ ಪರದೆ 2ರಿಂದ, OTP ತರಿಸಿಕೊಂಡು ಬರಬೇಕು.